ಏಳು ಪೆಟ್ಟಿನ ಹಾಡು, ಎಂಟು ಪೆಟ್ಟಿನ ಯಂತ್ರ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟುಗಳು ಒಂದೊಂದಾಗಿ ಕಣ್ಣು ಬಿಡುತ್ತಿವೆ. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡ ನಲವತ್ತೆರಡರ ಹೆಂಗಸೊಬ್ಬಳು ಗಾಲಿ ಬುಟ್ಟಿಯಿಂದ ಬೆಡ್‌ಶೀಟುಗಳನ್ನು ಬಾಚಿ ಬಾಚಿ ಯಂತ್ರದ ಹೊಟ್ಟೆಗೆ ತುಂಬುತ್ತಾಳೆ. ಬಾಗಿಲು ಮುಚ್ಚಿ, ಗುಂಡಿ ಒತ್ತಿ, ಡ್ರಮ್ ತಿರುಗಲು ಶುರುವಾಗುತ್ತಿದ್ದಂತೆ ಎದೆಯ ಹತ್ತಿರದ ಜೇಬಿನಿಂದ ಫೋನ್ ತೆಗೆದು ಯಂತ್ರದ ಬೆನ್ನಿಗೆ ಹಿಡಿಯುತ್ತಾಳೆ. ಅರ್ಧ ನಿಮಿಷದ ಗುಂಯ್‌ಕಾರ ಅದರಲ್ಲಿ ದಾಖಲಾಗುತ್ತದೆ. ಆಮೇಲೆ ಏನೂ ಆಗದವಳಂತೆ ಎರಡನೇ ಯಂತ್ರದ ಕಡೆ ನಡೆಯುತ್ತಾಳೆ.

ಜೊತೆಯವರು ಇವಳನ್ನು ಕರೆಯುವುದು ‘ರೇಡಿಯೊ’ ಎಂದು. ಕೆಲಸ ಮಾಡುತ್ತಾ ಬಾಯಿ ಮುಚ್ಚಿ ಕೂತವಳಲ್ಲ. ನಾಲ್ಕು ಯಂತ್ರ, ಒಂದೊಂದಕ್ಕೆ ಐವತ್ತು ಕಿಲೋ ಬಟ್ಟೆ, ಮಧ್ಯಾಹ್ನ ಒಂದರ ಒಳಗೆ ಹೆಚ್ಚುಕಡಿಮೆ ನಾನೂರು ಬೆಡ್‌ಶೀಟು, ಅಷ್ಟೇ ದಿಂಬಿನ ಚೀಲ. ಹದಿನಾರು ವರ್ಷದಿಂದ ಇದೇ ಲೆಕ್ಕ. ಈ ಹದಿನಾರು ವರ್ಷದಲ್ಲಿ ರೇಡಿಯೊ ಅರವತ್ತಕ್ಕೂ ಹೆಚ್ಚು ಹಾಡು ಕಟ್ಟಿದ್ದಾಳೆ ಎಂಬುದು ಮೇಲಿನ ಮಹಡಿಯ ಯಾರಿಗೂ ತಿಳಿಯದು. ಈಗ ಅವಳ ಮೊದಲ ಆಲ್ಬಂ ಸಿದ್ಧವಾಗುತ್ತಿದೆ. ಕಂಪನಿಯಿಲ್ಲ, ಬೆನ್ನಿಗೆ ನಿಂತವರಿಲ್ಲ. ಎಂಟು ಹಾಡು, ಹಳೆಯ ಮಟ್ಟುಗಳಿಗೆ ಹೊಸ ಕಾಲದ ಸದ್ದು.

“ಸಿದ್ಧ ಆಗ್ತಿದೆ ಅಂತ ನೀವು ಹೇಳ್ತೀರಿ. ನಂಗೆ ತಲೆ ಕೆಟ್ಟು ಗೊಬ್ಬರ ಆಗಿದೆ” ಎಂದು ನಗುತ್ತಾಳೆ.

ಗೊಂದಲ ಶುರುವಾದದ್ದು ಒಂದು ನೋಟ್‌ಬುಕ್ಕಿನಿಂದ. ಅದರ ಮೊದಲ ಪುಟದಲ್ಲಿ ಮೂರು ಕಲ್ಪನೆಗಳಿವೆ, ಮೂರಕ್ಕೂ ಒಂದೊಂದು ಸಲ ಅಡ್ಡಗೀಟು ಬಿದ್ದಿದೆ, ಮೂರರ ಪಕ್ಕದಲ್ಲೂ ಮತ್ತೆ ‘ಇರಲಿ’ ಎಂದು ಬರೆದಿದೆ. ಮೊದಲನೆಯದು ‘ಒಂದು ಪಾಳಿ’: ಬೆಳಗಿನ ಐದರಿಂದ ಮಧ್ಯಾಹ್ನದವರೆಗೆ ಒಂದೊಂದು ಗಂಟೆಗೆ ಒಂದೊಂದು ಹಾಡು, ಹಿನ್ನೆಲೆಯಲ್ಲಿ ಲಾಂಡ್ರಿಯದೇ ಸದ್ದು. ಎರಡನೆಯದು ‘ಎಳೆ’: ದೊಡ್ಡಮ್ಮ ಮಗ್ಗದ ಮುಂದೆ ಹಾಡುತ್ತಿದ್ದ ಹಾಡುಗಳು ಮಾತ್ರ. ಮೂರನೆಯದು ‘ಮಾರುತ್ತರ’: ದೊಡ್ಡಮ್ಮನ ಒಂದು ಹಾಡಿಗೆ ತಾನು ಬರೆದ ಒಂದು ಹಾಡು ಉತ್ತರ ಕೊಡುವಂತೆ, ಹೀಗೆ ನಾಲ್ಕು ಜೋಡಿ.

ದೊಡ್ಡಮ್ಮ ಎಂದರೆ ತಾಯಿಯ ಅಕ್ಕ. ಎಪ್ಪತ್ತೆಂಟು ವರ್ಷ. ತಾಯಿ ತೀರಿಕೊಂಡ ಮೇಲೆ ರೇಡಿಯೊಳನ್ನು ಸಾಕಿದವರು. ನಲವತ್ತು ವರ್ಷ ಕೈಮಗ್ಗದ ಕಾರ್ಖಾನೆಯಲ್ಲಿ ನೇಯ್ದವರು. ಅಲ್ಲಿ ಸಾಲಾಗಿ ಹನ್ನೆರಡು ಮಗ್ಗ, ಹನ್ನೆರಡು ಹೆಂಗಸರು. ಆಚೆಯಿಂದೀಚೆಗೆ ನೂಲು ಒಯ್ಯುವ ಲಾಳಿಯನ್ನು ಹಾಡಿನ ಲೆಕ್ಕದಲ್ಲೇ ಎಸೆಯುತ್ತಿದ್ದರು. ಮೂರು ಎಣಿಕೆ, ಆಮೇಲೆ ನಾಲ್ಕು ಎಣಿಕೆ, ಕಾಲಿನ ಮೆಟ್ಟು ಬದಲು. ಏಳಕ್ಕೆ ಒಂದು ಸುತ್ತು.

ಹೋಗಿ ಬಾರೆಲೆ ಲಾಳಿ ತಂಗಿಯೆ
ಆಚೆ ದಡವನು ಮುಟ್ಟಿ ಬಾ

ಈ ಹಾಡನ್ನೇ ಆಲ್ಬಮ್ಮಿನ ಮೊದಲ ಹಾಡಾಗಿಸಬೇಕೆಂದು ರೇಡಿಯೊ ಸ್ಟುಡಿಯೊದ ಮೆಟ್ಟಿಲು ಹತ್ತಿದಳು. ಸ್ಟುಡಿಯೊ ಎಂದರೆ ದೊಡ್ಡದೇನಲ್ಲ. ಹೊಲಿಗೆ ಅಂಗಡಿಯ ಹಿಂದಿನ ಕೋಣೆ, ಗೋಡೆಗೆ ಹಳೆಯ ಹಾಸಿಗೆಗಳನ್ನು ಆನಿಸಿ ನಿಲ್ಲಿಸಿದ್ದಾರೆ, ಕಿಟಕಿಗೆ ಎರಡು ಪದರ ಕಂಬಳಿ. ಬಸ್ ನಿಲ್ದಾಣದ ಪ್ರಕಟಣೆಗಳು, ಅಂಗಡಿಗಳ ಜಾಹೀರಾತು, ಇವನ್ನೆಲ್ಲ ಧ್ವನಿಮುದ್ರಣ ಮಾಡಿ ಹೊಟ್ಟೆ ಹೊರೆಯುವ ಸೌಂಡ್ ಎಂಜಿನಿಯರ್ ಅಲ್ಲಿ ಕೂರುತ್ತಾನೆ. ರೇಡಿಯೊ ಅವನನ್ನು ಕರೆಯುವುದು ‘ಅಣ್ಣ’ ಎಂದು. ಒಳ್ಳೆಯ ಕಿವಿ, ಒಳ್ಳೆಯ ಮನಸ್ಸು, ಕೆಲಸದಲ್ಲಿ ಮಾತ್ರ ಸ್ವಲ್ಪ ಅವಸರ.

ಅಣ್ಣ ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಎಂಬ ತಾಳದ ಸದ್ದು ಬಿಟ್ಟು ಹಾಡಲು ಹೇಳಿದ. ಆಮೇಲೆ ಅವಳ ಹಾಡನ್ನು ಕಂಪ್ಯೂಟರಿನ ಚೌಕಗಳಿಗೆ ಕೂರಿಸಿದ. ಕಂಪ್ಯೂಟರ್ ಬಾರಿಸುವ ಡ್ರಮ್ ಚೌಕಕ್ಕೆ ನಾಲ್ಕು ಪೆಟ್ಟಿನ ಲೆಕ್ಕದ್ದು. ಏಳು ಪೆಟ್ಟು ಎರಡು ಚೌಕಕ್ಕೆ ಒಂದು ಕಡಿಮೆ ಬೀಳುತ್ತಿತ್ತು. ಪ್ರತಿ ಸುತ್ತಿನ ಕೊನೆಗೆ ಒಂದು ಪೆಟ್ಟು ಮೌನ ಸೇರಿಸಿ ಎಂಟು ಮಾಡಿದ. ಹಾಡಿನ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಒಂದು ಎಳೆ ಕೆಳಗಿತ್ತು. ಶ್ರುತಿ ತಿದ್ದುವ ಸಾಫ್ಟ್‌ವೇರಿನಿಂದ ಅದನ್ನೂ ಎತ್ತಿ ಸರಿ ಮಾಡಿದ. ಕೆಳಗೆ ತುಂಬು ಕೀಬೋರ್ಡು, ಬೇಸ್ ಗಿಟಾರು. ನಾಲ್ಕೇ ದಿನದಲ್ಲಿ ಹಾಡು ಥಳಥಳ ಹೊಳೆಯುತ್ತಿತ್ತು. ರೇಡಿಯೊಗೆ ಕಾಲು ನೆಲಕ್ಕೆ ತಾಗಲಿಲ್ಲ.

ಭಾನುವಾರ ದೊಡ್ಡಮ್ಮನ ಕೋಣೆಗೆ ಓಡಿದಳು. ಮುದುಕಿಯ ನರೆಗೂದಲ ಮೇಲೆ ಹೆಡ್‌ಫೋನ್ ಕೂರಿಸಿ, ಮಂಚದ ತುದಿಯಲ್ಲಿ ಕೂತಳು. ದೊಡ್ಡಮ್ಮ ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಚೆನ್ನಾಗಿದೆ ಕಣೇ. ಯಾರದ್ದು ಈ ಹಾಡು?”

“ದೊಡ್ಡಮ್ಮ, ನಿಮ್ಮದೇ. ಲಾಳಿ ಹಾಡು!”

“ಹೌದಾ?” ಮುದುಕಿ ಸಂಕೋಚದಿಂದ ನಕ್ಕರು. “ಇರಬಹುದಮ್ಮ. ನಂಗೆ ಕಿವಿ ಸ್ವಲ್ಪ ಮಂದ.”

ಕಿವಿ ಮಂದ ಅಲ್ಲ ಎಂದು ರೇಡಿಯೊಗೆ ಗೊತ್ತು. ಪಕ್ಕದ ಮನೆಯಲ್ಲಿ ಚಮಚ ಬಿದ್ದರೂ ಕೇಳುವ ಕಿವಿ ಅದು. “ಅವತ್ತು ವಾಪಸ್ ಬರೋವಾಗ ಬಸ್ಸಲ್ಲಿ ನನ್ನ ಸ್ಟಾಪ್ ದಾಟಿ ಹೋಗ್ಬಿಟ್ಟೆ” ಎನ್ನುತ್ತಾಳೆ. “ಮಾತು ಅವೇ, ಸ್ವರ ಅವೇ. ಮತ್ತೆ ಹಾಡು ಎಲ್ಲಿ ಹೋಯ್ತು? ನಾನೇ ಕೈಯಾರೆ ಕಳೆದ್ನಾ?”

ಮರುದಿನ ಅಣ್ಣನಿಗೆ ಹೇಳಿದಳು. ಅವನ ಮುಖ ಸಣ್ಣದಾಯಿತು. “ನೋಡಮ್ಮ, ಕೇಳೋರಿಗೆ ಹಿಡಿಸ್ಬೇಕಲ್ಲ. ಏಳರಲ್ಲಿ ಹೋದ್ರೆ ಜನ ಎಡವ್ತಾರೆ.”

“ದೊಡ್ಡಮ್ಮನೇ ಎಡವಿದ್ರಲ್ಲಣ್ಣ” ಎಂದಳು ಇವಳು.

ಅಣ್ಣ ಒಂದು ವಾರ ಆ ಹಾಡನ್ನೇ ಮತ್ತೆ ಮತ್ತೆ ಹಾಕಿ ಕೇಳಿದ. ಆಮೇಲೆ ಮೈಕು, ಸಣ್ಣ ರೆಕಾರ್ಡರ್ ಹಿಡಿದು ತಾನೇ ದೊಡ್ಡಮ್ಮನ ಕೋಣೆಗೆ ಬಂದ. ಈ ಸಲ ಟಿಕ್ ಟಿಕ್ ಇಲ್ಲ, ಹೆಡ್‌ಫೋನ್ ಇಲ್ಲ. ಫ್ಯಾನ್ ಆರಿಸಿದರು, ಗೋಡೆ ಗಡಿಯಾರ ಇಳಿಸಿ ದಿಂಬಿನಡಿ ಇಟ್ಟರು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಹಾಡಿದರು. ಕೆಳಗೆ ಅವರ ಎರಡೂ ಪಾದಗಳು, ಅಲ್ಲಿಲ್ಲದ ಮಗ್ಗವೊಂದನ್ನು ಮೆಟ್ಟುತ್ತಿದ್ದವು. ಅಣ್ಣ ಅದನ್ನು ನೋಡಿ ಎರಡನೇ ಮೈಕನ್ನು ಪಾದದ ಬಳಿ ಇಟ್ಟ.

ಸ್ಟುಡಿಯೊಗೆ ಮರಳಿ ಕೆಲಸವನ್ನು ತಿರುವುಮುರುವು ಮಾಡಿದರು. ಹಾಡನ್ನು ಯಂತ್ರಕ್ಕೆ ಹೊಂದಿಸುವ ಬದಲು ಯಂತ್ರವನ್ನು ಹಾಡಿಗೆ ಹೊಂದಿಸುವುದು. ಪಾದದ ಪ್ರತಿ ಪೆಟ್ಟಿಗೂ ಪರದೆಯ ಮೇಲೆ ಕೈಯಿಂದಲೇ ಒಂದೊಂದು ಗುರುತು. ನಾಲ್ಕು ನಿಮಿಷದ ಹಾಡಿಗೆ ಆರುನೂರಕ್ಕೂ ಹೆಚ್ಚು ಗುರುತು. ಮುದುಕಿ ಉಸಿರೆಳೆಯಲು ನಿಧಾನಿಸಿದ ಕಡೆ ಡ್ರಮ್ಮೂ ನಿಧಾನಿಸುತ್ತದೆ, ಹುರುಪು ಬಂದ ಕಡೆ ಓಡುತ್ತದೆ. ಕೀಬೋರ್ಡಿನ ತುಂಬು ಸ್ವರಗುಚ್ಛಗಳನ್ನು ತೆಗೆದುಹಾಕಿದರು. ಕೆಳಗೆ ಷಡ್ಜ, ಪಂಚಮ ಎರಡೇ ಉಳಿದವು. ಗಾಂಧಾರವನ್ನು ಯಾವ ವಾದ್ಯವೂ ಮುಟ್ಟುವಂತಿಲ್ಲ, ಅದು ದೊಡ್ಡಮ್ಮನ ಗಂಟಲಿಗೇ ಮೀಸಲು. ಆ ಷಡ್ಜ ಬಂದದ್ದಾದರೂ ಎಲ್ಲಿಂದ? ರೇಡಿಯೊ ಫೋನಿನಲ್ಲಿ ಹಿಡಿದಿದ್ದ ಬಟ್ಟೆ ಯಂತ್ರದ ಗುಂಯ್‌ಕಾರವನ್ನೇ ಸ್ವಲ್ಪ ಇಳಿಸಿ ಮುದುಕಿಯ ಶ್ರುತಿಗೆ ಕೂಡಿಸಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎನ್ನುವ ಹಾಗಿಲ್ಲ. ದೊಡ್ಡಮ್ಮ ಆ ದಿನ ಹಾಡನ್ನು ಮೂರು ಸಲ ಹಾಡಿದ್ದರು. ಒಂದರಲ್ಲಿ ‘ಲಾಳಿ ತಂಗಿಯೆ’, ಇನ್ನೊಂದರಲ್ಲಿ ‘ಲಾಳಿ ಮಗಳೇ’, ಮತ್ತೊಂದರಲ್ಲಿ ‘ಲಾಳಿ ಗೆಳತಿಯೆ’. ರಾಗದ ತಿರುವೂ ಬೇರೆ ಬೇರೆ. ಯಾವುದು ಸರಿ ಎಂದು ರೇಡಿಯೊ ಕೇಳಲು ಹೋದಳು.

“ಮೂರೂ ಅದೇ ಅಲ್ವೇನೇ” ಎಂದರು ದೊಡ್ಡಮ್ಮ, ಇದೆಂಥಾ ಪ್ರಶ್ನೆ ಎಂಬಂತೆ. “ಪಕ್ಕದ ಮಗ್ಗದಲ್ಲಿ ಯಾರು ಕೂತಿರ್ತಾರೋ ಅವರನ್ನ ಕರೆದು ಹಾಡೋದು. ಚಿಕ್ಕೋಳು ಬಂದ್ರೆ ಮಗಳೇ, ಸರೀಕಳು ಬಂದ್ರೆ ಗೆಳತಿ.”

“ಮತ್ತೆ ಕೊನೇ ಸಾಲು? ‘ಮಗ್ಗ ನಿಂತರು ಕಾಲು ನಿಲ್ಲದು, ಕೂತ ಕಡೆಯೇ ನಡೆದೆ ನಾ’ ಅಂತ?”

ಮುದುಕಿ ಸೆರಗಿನ ಅಂಚು ತಿರುವುತ್ತಾ ಕೂತರು. “ಅದು... ಕಾರ್ಖಾನೆ ಮುಚ್ಚಿದ ದಿನ ನಾನೇ ಹೇಳಿದ್ದು. ಪಕ್ಕದಲ್ಲಿ ಯಾರೂ ಇರ್ಲಿಲ್ಲ.”

ಜಾನಪದ ಎಂದು ಇಷ್ಟು ವರ್ಷ ನಂಬಿದ್ದ ಹಾಡಿನಲ್ಲಿ ದೊಡ್ಡಮ್ಮನ ಸ್ವಂತ ಸಾಲು! ಇನ್ನೆಷ್ಟು ಸಾಲು ನಿಮ್ಮವು ಎಂದರೆ, “ಹಾಡ್ತಾ ಹಾಡ್ತಾ ಸೇರ್ಕೊಂಡವು, ಯಾರು ಲೆಕ್ಕ ಇಟ್ಟೋರು” ಎಂಬ ಉತ್ತರ. ಆಲ್ಬಂ ಬಿಡುಗಡೆಗೆ ತುಂಬಬೇಕಾದ ಅರ್ಜಿಯಲ್ಲಿ ‘ರಚನೆ’ ಎಂಬ ಖಾನೆಯಿದೆ. ಒಮ್ಮೆ ತುಂಬಿದರೆ ಮುಂದೆ ಹಾಡು ಯಾರು ಎಲ್ಲಿ ಹಾಡಿದರೂ ಆ ಹೆಸರೇ. ‘ಸಾಂಪ್ರದಾಯಿಕ’ ಎಂದು ಹಾಕಿ ಕೈತೊಳೆದುಕೊಳ್ಳೋಣ ಎಂದ ಅಣ್ಣ. ಹಾಗೆ ಹಾಕಿದರೆ ದೊಡ್ಡಮ್ಮ ಮಾಯ. ದೊಡ್ಡಮ್ಮನ ಹೆಸರು ಹಾಕಿದರೆ ಉಳಿದ ಹನ್ನೊಂದು ಮಗ್ಗದವರು ಮಾಯ. ತನ್ನ ಹೆಸರು ಹಾಕಿದರೆ ಕಳ್ಳತನ. ಹತ್ತು ದಿನ ಆ ಅರ್ಜಿ ರೇಡಿಯೊಳ ಚೀಲದಲ್ಲಿ ಮುದುಡಿ ಮುದುಡಿ ಓಡಾಡಿತು. ಬಿಳಿ ಬಟ್ಟೆಯ ರಾಶಿಗೆ ಬಣ್ಣದ್ದು ಸೇರಿಸಿ ಮೇಲ್ವಿಚಾರಕರಿಂದ ಬೈಸಿಕೊಂಡದ್ದೂ ಆ ದಿನಗಳಲ್ಲೇ.

ಕೊನೆಗೆ ಅವಳು ಬರೆದದ್ದು ಹೀಗೆ: ‘ಮಟ್ಟು ಮತ್ತು ಮೊದಲ ಸಾಲುಗಳು ಮಗ್ಗದ ಹೆಂಗಸರ ಹಾಡಿಕೆ, ಕೊನೆಯ ನುಡಿ ದೊಡ್ಡಮ್ಮನ ರಚನೆ, ಸಂಯೋಜನೆ ನನ್ನದು ಮತ್ತು ಅಣ್ಣನದು.’ ದೊಡ್ಡಮ್ಮ, ಅಣ್ಣ ಎಂದಿರುವ ಕಡೆ ಇಬ್ಬರ ಪೂರ್ತಿ ಹೆಸರು, ಸಹಿ. ಖಾನೆ ಸಾಲದೆ ಅಂಚಿನವರೆಗೂ ಅಕ್ಷರ ಹೋಗಿದೆ. ಅರ್ಜಿ ಒಪ್ಪಿಗೆಯಾಗುತ್ತದೋ ತಿರುಗಿ ಬರುತ್ತದೋ ಇನ್ನೂ ಗೊತ್ತಿಲ್ಲ.

ನೋಟ್‌ಬುಕ್ಕಿನ ಮೂರು ಕಲ್ಪನೆಗಳ ಗೊಂದಲ ಮಾತ್ರ ದೊಡ್ಡಮ್ಮನ ‘ಮೂರೂ ಅದೇ’ ಎಂಬ ಮಾತಿನಲ್ಲೇ ಬಗೆಹರಿಯಿತು, ಅಥವಾ ರೇಡಿಯೊ ಹೇಳುವಂತೆ “ಬಗೆಹರಿಯದೇ ಇದ್ರೂ ಪರವಾಗಿಲ್ಲ ಅನ್ನಿಸ್ತು.” ಮೂರು ಲಾಳಿ ಹಾಡಿನಲ್ಲಿ ಒಂದನ್ನು ಆರಿಸುವ ಗೋಜಿಗೇ ಅವಳು ಹೋಗಲಿಲ್ಲ. ಆಲ್ಬಮ್ಮಿನ ಆರಂಭಕ್ಕೆ ‘ತಂಗಿ’, ನಡುವಿಗೆ ‘ಮಗಳು’, ಕೊನೆಗೆ ‘ಗೆಳತಿ’. ನಡುನಡುವೆ ತಾನೇ ಬರೆದ ಐದು ಹಾಡು, ಅವೂ ಪಕ್ಕದಲ್ಲಿ ಕೂತ ಯಾರನ್ನೋ ಕರೆದು ಹೇಳಿದಂತೆ. ಒಂದು ಹಾಡು ರೋಲರ್ ಇಸ್ತ್ರಿಯ ಮುಂದೆ ನಿಲ್ಲುವವಳಿಗೆ, ಇನ್ನೊಂದು ತೀರಿಕೊಂಡ ತಾಯಿಗೆ. ಮೊದಲ ಹಾಡಲ್ಲಿ ಡ್ರಮ್ಮನ್ನೂ ತೆಗೆದು ಬರೀ ಧ್ವನಿ, ಪಾದ, ಗುಂಯ್‌ಕಾರ. ಮುಂದೆ ಹೋದಂತೆ ಡ್ರಮ್ಮು, ಬೇಸು ಒಂದೊಂದಾಗಿ ಸೇರುತ್ತವೆ.

ಜನಕ್ಕೆ ಇದು ಅರ್ಥವಾದೀತೇ? ಒಂದೇ ಹಾಡನ್ನು ಮೂರು ಸಲ ಯಾಕೆ ಹಾಕಿದ್ದೀರಿ ಎನ್ನುವುದಿಲ್ಲವೇ? ಇದು ಜಾನಪದವೋ, ಹೊಸದೋ?

“ನಂಗೂ ಗೊತ್ತಿಲ್ಲ ಕಣ್ರಿ” ಎನ್ನುತ್ತಾಳೆ ರೇಡಿಯೊ, ಒಣಗಿದ ಬೆಡ್‌ಶೀಟಿನ ಎರಡು ತುದಿ ಕೂಡಿಸಿ ಮಡಿಸುತ್ತಾ. “ಮೊನ್ನೆ ಹೊಸದಾಗಿ ಕೂಡಿಸಿದ್ದನ್ನ ದೊಡ್ಡಮ್ಮಂಗೆ ಕೇಳಿಸ್ದೆ. ಅರ್ಧಕ್ಕೇ ಕೈ ಎತ್ತಿ ನಿಲ್ಸಿದ್ರು. ‘ಇಲ್ಲಿ ಅವಸರ ಮಾಡಿದ್ದೀಯ, ಲಾಳಿ ಇನ್ನೂ ಆಚೆ ಮುಟ್ಟೇ ಇಲ್ಲ, ಎಳ್ಕೊಂಡ್ಬಿಟ್ಟೆ’ ಅಂತ ಬೈದ್ರು.”

ಮಡಿಸಿದ್ದನ್ನು ರಾಶಿಯ ಮೇಲಿಟ್ಟು, ಅಂಗೈಯಿಂದ ಒಮ್ಮೆ ಸವರುತ್ತಾಳೆ.

“ಬೇರೆಯವರ ಹಾಡಾಗಿದ್ರೆ ಚೆನ್ನಾಗಿದೆ ಅಂದು ಸುಮ್ನಾಗೋರು. ತಮ್ಮದು ಅಂತ ಗೊತ್ತಾದ್ಮೇಲೆ ತಾನೆ ಬೈಯೋದು?”