ಅಕ್ಕನ ಒಳಬಣ್ಣ

ನಮ್ಮ ನಾಟಕ ಕಂಪನಿ ಸಾಗರದಲ್ಲಿ ಟೆಂಟು ಹಾಕಿದ್ದ ಆ ವರ್ಷ ನನಗೆ ಇಪ್ಪತ್ತು ತುಂಬಿರಲಿಲ್ಲ. ಅಕ್ಕ ಕಂಪನಿಯ ನಾಯಕಿ. ನಾನು ದಾಸಿ, ಸಖಿ, ಹೆಣದ ಪಕ್ಕ ಕೂತು ಅಳುವವಳು; ಉಳಿದ ಹೊತ್ತಿನಲ್ಲಿ ಹೆಣ್ಣು ಪಾತ್ರಗಳಿಗೆಲ್ಲ ಬಣ್ಣ ಹಚ್ಚುವವಳು. ಆ ಕೆಲಸ ಕಲಿಸಿದವಳೂ ಅಕ್ಕನೇ, ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅಕ್ಕನೇ. ಅವಳ ಮುಖದ ವಿಷಯ ಬಂದರೆ ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ, ಓದುವವರು ಸಹಿಸಿಕೊಳ್ಳಬೇಕು.

ಅಷ್ಟು ಹೊತ್ತಿಗೆ ಹಳೆಯ ಸಫೇದದ ಬಿಳಿ ಪುಡಿ ಹೋಗಿ ಪ್ಯಾನ್‌ಕೇಕ್ ಬಂದಿತ್ತು. ಚಪ್ಪಟೆ ಡಬ್ಬಿ, ಒಳಗೆ ಗಟ್ಟಿ ಬಿಲ್ಲೆ. ಒದ್ದೆ ಸ್ಪಂಜಿನಿಂದ ಉಜ್ಜಿ ಮುಖಕ್ಕೆ ಹಚ್ಚಬೇಕು. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಬಣ್ಣದ ಹೆಸರು. ಐವರಿ ಎಂದರೆ ಆನೆದಂತ, ಟ್ಯಾನ್ ಎಂದರೆ ಬಿಸಿಲಿಗೆ ಕಂದಿದ ಮೈ. ಅದು ಬರೀ ಬಿಳುಪು ಕಪ್ಪಿನ ಲೆಕ್ಕ. ಕೆಲವು ಡಬ್ಬಿಗಳಲ್ಲಿ ಅದರ ಬೆನ್ನಿಗೇ ಇನ್ನೊಂದು ಪದ ಇರುತ್ತಿತ್ತು. ರೋಸ್ ಎಂದಿದ್ದರೆ ಒಳಗೆ ಕೆಂಪಿನ ಛಾಯೆ, ಆಲಿವ್ ಎಂದಿದ್ದರೆ ಹಸಿರು ಬೆರೆತ ಹಳದಿ. ಹೆಸರಿಟ್ಟವರು ಯಾವ ದೇಶದ ಮುಖ ನೋಡಿ ಇಟ್ಟಿದ್ದರೋ! ಒಂದು ಡಬ್ಬಿಯ ಮೇಲೆ ‘ನ್ಯಾಚುರಲ್’ ಎಂದೇ ಇತ್ತು. ಅದನ್ನು ಹಚ್ಚಿಕೊಂಡು ಸಹಜವಾಗಿ ಕಂಡವರು ನಮ್ಮ ಕಂಪನಿಯಲ್ಲಿ ಒಬ್ಬರೂ ಇರಲಿಲ್ಲ.

ಅಕ್ಕನದು ಟ್ಯಾನ್ ರೋಸ್. ಒಮ್ಮೆ ಆ ಡಬ್ಬಿ ಸಿಗಲಿಲ್ಲವೆಂದು ಕಂಪನಿಯ ಯಜಮಾನರು ಟ್ಯಾನ್ ಆಲಿವ್ ತಂದರು. ‘ಎರಡೂ ಟ್ಯಾನೇ ಅಲ್ವೇನ್ರೇ?’ ಎಂದರು. ಅಕ್ಕ ವಾದ ಮಾಡಲಿಲ್ಲ. ಅವರನ್ನು ಟೆಂಟಿನ ಹೊರಗೆ ಬೆಳಕಿಗೆ ಕರೆದುಕೊಂಡು ಹೋಗಿ ನನ್ನ ಕೈಲಿ ತನ್ನ ದವಡೆಯ ಅಂಚಿಗೆ ಎರಡು ಗೆರೆ ಎಳೆಸಿದಳು. ಒಂದು ಹೊಸ ಡಬ್ಬಿಯದು. ಇನ್ನೊಂದು ಅವಳಿಗಿಂತ ಒಂದು ಮೆಟ್ಟಿಲು ಕಪ್ಪಾದ, ಆದರೆ ಕೆಂಪು ಛಾಯೆಯ ಡಬ್ಬಿಯದು. ಕಪ್ಪಾದ ಗೆರೆ ಚರ್ಮದೊಳಗೆ ಹೆಚ್ಚುಕಮ್ಮಿ ಮಾಯವಾಯಿತು. ಅವಳಷ್ಟೇ ಬಣ್ಣದ್ದು ಎಂದು ತಂದ ಡಬ್ಬಿಯ ಗೆರೆ ಕೆಸರು ಮೆತ್ತಿದ ಹಾಗೆ ಎದ್ದು ನಿಂತಿತು.

‘ಮೇಲ್ಬಣ್ಣ ಒಂದೀಟು ಹೆಚ್ಚುಕಮ್ಮಿ ಆದ್ರೂ ನಡೀತದೆ ಯಜಮಾನ್ರೇ, ಒಳಬಣ್ಣ ತಪ್ಪಿದ್ರೆ ಮುಖ ಬೇರೆಯವ್ರದ್ದಾಗ್ತದೆ’ ಎಂದಳು ಅಕ್ಕ.

ಯಜಮಾನರು ತಲೆ ಕೆರೆದುಕೊಂಡು, ‘ನಿಮ್ಮ ಹೆಂಗಸ್ರ ಶಾಸ್ತ್ರ ನಂಗೆ ಬ್ಯಾಡ’ ಎಂದು ಹೋದರು. ಆದರೆ ಮುಂದಿನ ವಾರ ಟ್ಯಾನ್ ರೋಸ್ ಬಂತು.

ಸಾಗರದಿಂದ ಹೊಸನಗರಕ್ಕೆ ಹೋದೆವು. ಅಲ್ಲಿ ಒಂದು ಮಧ್ಯಾಹ್ನ, ಆಟಕ್ಕೆ ಮುಂಚೆ, ಎಂದಿನಂತೆ ಅಕ್ಕನ ಮುಖಕ್ಕೆ ಸ್ಪಂಜು ಹಿಡಿದೆ. ಕೆನ್ನೆ ಮುಗಿಸಿ ಕತ್ತಿಗೆ ಇಳಿಯುವಾಗ ದವಡೆಯಲ್ಲಿ ಅಂಚು ಕಂಡಿತು. ಮುಖ ಗುಲಾಬಿ, ಕತ್ತು ಬೇರೆ. ಅವಳು ಕಪ್ಪಾಗಿರಲಿಲ್ಲ, ಬೆಳ್ಳಗೂ ಆಗಿರಲಿಲ್ಲ. ಡಬ್ಬಿಯೇ ಹಾಳಾಗಿದೆ ಎಂದು ಅಂಗಡಿಯವನ ವಂಶವನ್ನೆಲ್ಲ ಬೈದೆ. ಅಂಚನ್ನು ತೀಡಿದೆ, ಒರೆಸಿದೆ, ಸಾಗರದಲ್ಲಿ ಅರ್ಧ ಖರ್ಚಾಗಿದ್ದ ಹಳೆಯ ಡಬ್ಬಿಯನ್ನೇ ತೆಗೆದು ಹಚ್ಚಿದೆ. ಅಂಚು ಹೋಗಲಿಲ್ಲ.

ಅಕ್ಕ ಕನ್ನಡಿ ಎತ್ತಿಕೊಂಡು ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿಕೊಂಡಳು. ಬಹಳ ಹೊತ್ತು ನೋಡಿದಳು.

‘ಡಬ್ಬಿ ಸರಿ ಇದೆ ಕಣೇ. ನಾನೇ ಬದ್ಲಾಗಿದ್ದೀನಿ.’

ಆಗ ನನಗೂ ಕಂಡಿತು. ಕಣ್ಣಿನ ಬಿಳಿಯ ಮೂಲೆಯಲ್ಲಿ ತೆಳುವಾದ ಹಳದಿ. ಕೆಲವು ದಿನಗಳಿಂದ ಅವಳು ಮೈ ತುರಿಸುತ್ತದೆ ಎನ್ನುತ್ತಿದ್ದಳು, ನಾವು ಬಣ್ಣದ ದೋಷವೆಂದುಕೊಂಡಿದ್ದೆವು. ಅನ್ನ ಸೇರುತ್ತಿರಲಿಲ್ಲ, ಸೆಕೆಯೆಂದುಕೊಂಡಿದ್ದೆವು. ಹಗಲಲ್ಲಿ ಎಲ್ಲ ಹೆಂಗಸರ ಹಾಗೆ ಅರಿಸಿನ ಹಚ್ಚಿ ಮುಖ ತೊಳೆಯುವವಳು, ಹಳದಿಯಾಗಿ ಕಂಡರೆ ಯಾರಿಗೆ ಅನುಮಾನ? ರಾತ್ರಿಯ ಆಟದ ಬಲ್ಬುಗಳೂ ಹಳದಿ. ಹಳದಿ ಬೆಳಕಿನಲ್ಲಿ ಹಳದಿ ಅಡಗಿಕೊಳ್ಳುತ್ತದೆ.

ಶಿವಮೊಗ್ಗದ ಆಸ್ಪತ್ರೆಗೆ ಹೋಗೋಣ ಎಂದು ಕಾಲು ಹಿಡಿದುಕೊಂಡೆ.

‘ತೀರ್ಥಹಳ್ಳಿ ಕ್ಯಾಂಪ್ ಮುಗೀಲಿ. ನಾ ಮಲಗಿದ್ರೆ ಕಂಪ್ನಿ ಮಲಗ್ತದೆ. ಕಾಮಾಲೆಗೆ ಸೊಪ್ಪಿನ ಔಷ್ದಿ ತಗತೀನಿ, ಹೋಗ್ತದೆ. ಯಾರಿಗೂ ಹೇಳಬ್ಯಾಡ, ನನ್ನಾಣೆ.’

ಸೊಪ್ಪಿನ ರಸ ಕುಡಿದಳು, ಎಣ್ಣೆ ತುಪ್ಪ ಬಿಟ್ಟಳು. ನನ್ನ ಮುಂದೆ ಎರಡೇ ದಾರಿ ಇತ್ತು. ಚರ್ಮಕ್ಕೆ ಹೊಂದುವಂತೆ ಆಲಿವ್ ಬೆರೆಸಿದರೆ ಅಂಚು ಕಾಣುವುದಿಲ್ಲ, ಆದರೆ ರೋಗ ಕಾಣುತ್ತದೆ. ಹಳೆಯ ಡಬ್ಬಿಯನ್ನೇ ಹಚ್ಚಿದರೆ ರೋಗ ಕಾಣುವುದಿಲ್ಲ, ಆದರೆ ಮುಖವಾಡ ಕಾಣುತ್ತದೆ. ಅಕ್ಕ ಮುಖವಾಡವನ್ನೇ ಕೇಳಿದಳು. ಹಾಗಾಗಿ ಅಂಚು ಎಲ್ಲಿಯೂ ಸಿಗದಂತೆ ಕಿವಿ, ಕತ್ತು, ಬೆನ್ನಿನ ಮೇಲ್ಭಾಗ, ಮೊಣಕೈವರೆಗಿನ ಕೈ ಎಲ್ಲಕ್ಕೂ ಟ್ಯಾನ್ ರೋಸ್ ದಪ್ಪಗೆ ಹಚ್ಚಿದೆ. ಹಚ್ಚುತ್ತಾ ಅಳುತ್ತಿದ್ದೆ. ‘ಸ್ಪಂಜಿಗೆ ನೀರು ಸಾಕು, ನಿನ್ನ ಕಣ್ಣೀರು ಬ್ಯಾಡ’ ಎಂದು ರೇಗಿಸುತ್ತಿದ್ದಳು. ನನಗೆ ಕೋಪ ಉಕ್ಕುತ್ತಿತ್ತು. ಅವಳ ಮೇಲೋ, ಶಿಳ್ಳೆ ಹೊಡೆಯುವ ಜನರ ಮೇಲೋ ಗೊತ್ತಿಲ್ಲ.

ತೀರ್ಥಹಳ್ಳಿಗೆ ಬರುವ ಹೊತ್ತಿಗೆ ಅವಳ ಕೆನ್ನೆ ಇಳಿದಿತ್ತು. ಬಿಸಿಲಿಗೆ ಹೊರಬರುವುದನ್ನೇ ಬಿಟ್ಟಿದ್ದಳು. ಯಜಮಾನರು ಪರದೆ ಸಂದಿಯಿಂದ ನೋಡಿ, ‘ಈ ನಡುವೆ ನಿಮ್ಮಕ್ಕ ಬೆಳ್ಳಗಾಗಿದಾಳೆ ಕಣೇ, ಮಲ್ನಾಡಿನ ನೀರು ಹಿಡಿಸ್ತು’ ಎಂದು ಸಂತೋಷಪಟ್ಟರು. ಆ ಮಾತು ನನಗೆ ಸಹಿಸಲಾಗಲಿಲ್ಲ. ಆಣೆ ಇಟ್ಟಿದ್ದು ಬಾಯಿಗೆ, ಕೈಗೆ ಇಟ್ಟಿರಲಿಲ್ಲ. ಮರುದಿನ ಮಧ್ಯಾಹ್ನ ಯಜಮಾನರನ್ನು ಬಿಡಾರದ ಮನೆಯಲ್ಲಿ ಅಕ್ಕನ ಕೋಣೆಗೆ ಕರೆದೆ. ಕಿಟಕಿಯ ಬಾಗಿಲು ತೆಗೆದು, ಒದ್ದೆ ಬಟ್ಟೆಯಿಂದ ಅವಳ ಮುಖ ಒರೆಸಿ, ದವಡೆಯ ಮೇಲೆ ಟ್ಯಾನ್ ರೋಸ್‌ನ ಒಂದೇ ಒಂದು ಗೆರೆ ಎಳೆದೆ. ಅಕ್ಕ ನನ್ನ ಕೈ ತಡೆಯಲಿಲ್ಲ. ಅವಳಿಗೂ ಸಾಕಾಗಿತ್ತೇನೋ.

ಬೆಳಕಿನಲ್ಲಿ ಆ ಗೆರೆ ಗಾಯದ ಹಾಗೆ ಕೆಂಪಗೆ ಎದ್ದು ಕಂಡಿತು. ಸುತ್ತಲಿನ ಮುಖವೆಲ್ಲ ಹಳದಿ. ಯಜಮಾನರು ಅಲ್ಲೇ ಟ್ರಂಕಿನ ಮೇಲೆ ಕೂತರು.

‘ಯಾವಾಗಿಂದಮ್ಮಾ?’ ಎಂದರು. ಅಕ್ಕನನ್ನು ಅವರು ಅಮ್ಮಾ ಎಂದು ಕರೆದದ್ದು ನಾನು ಅದೇ ಮೊದಲು ಕೇಳಿದ್ದು.

ಅಂದಿನ ಆಟ ನಿಲ್ಲಿಸಿದರು. ಬಾಡಿಗೆ ಕಾರು ಮಾಡಿ ತಾವೇ ಶಿವಮೊಗ್ಗಕ್ಕೆ ಕರೆದುಕೊಂಡು ಬಂದರು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಪರೀಕ್ಷೆಗಳನ್ನೆಲ್ಲ ಮಾಡಿಸಿ, ಪಿತ್ತದ ದಾರಿಯಲ್ಲಿ ಗಂಟು ಬೆಳೆದಿದೆ, ಕತ್ತರಿಸುವ ಹಂತ ದಾಟಿದೆ ಎಂದರು. ಹೊಸನಗರದಿಂದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಅವರು, ಹೇಳುವುದು ಕಷ್ಟ ಎಂದರು. ಆ ಉತ್ತರದ ಜೊತೆಗೇ ಇಷ್ಟು ವರ್ಷ ಬದುಕಿದ್ದೇನೆ.

ಆಸ್ಪತ್ರೆಯಲ್ಲಿ ಅವಳು ಬಹಳ ದಿನ ಉಳಿಯಲಿಲ್ಲ. ಬಣ್ಣವಿಲ್ಲದೆ ಯಾರ ಮುಂದೆಯೂ ಕೂರದವಳು, ನೋಡಲು ಬಂದ ಕಂಪನಿಯವರಿಗೆಲ್ಲ ಬರೀ ಮುಖವನ್ನೇ ತೋರಿಸಿದಳು. ಕೊನೆಕೊನೆಗೆ ಒಂದು ಬೆಳಿಗ್ಗೆ ಕನ್ನಡಿ ಕೇಳಿದಳು. ಕೊಡಲು ಮನಸ್ಸಿರಲಿಲ್ಲ, ಕೊಟ್ಟೆ. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು, ಕಸುಬಿನವಳ ಕಣ್ಣಿನಿಂದಲೇ ನೋಡಿಕೊಂಡಳು.

‘ಈಗ ಯಾವ ಡಬ್ಬಿ ಹೊಂದ್ತದೆ ಹೇಳು.’

ಸುಳ್ಳು ಹೇಳಬಹುದಿತ್ತು. ಆದರೆ ಆ ಕೆಲಸದಲ್ಲಿ ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ.

‘ಯಾವ್ದೂ ಇಲ್ಲಕ್ಕಾ’ ಎಂದೆ. ‘ಈ ಬಣ್ಣಕ್ಕೆ ಯಾರೂ ಹೆಸರಿಟ್ಟಿಲ್ಲ.’

ಅವಳು ಕನ್ನಡಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು.

‘ಹಂಗಾದ್ರೆ ಬಿಡೇ. ನಾ ಹಿಂಗೇ ಹೋಗ್ತೀನಿ.’