ಅರವತ್ತು ಎಂದಿದ್ದೆ, ನೂರು ಬಂದರು

ಆ ವರ್ಷ ನಾವು ಮುಂಬೈ ಹತ್ತಿರದ ಬದಲಾಪುರದಿಂದ ಡೊಂಬಿವಲಿಗೆ ಮನೆ ಬದಲಿಸಿದ್ದೆವು. ಮಗಳು ಒಂದನೇ ಕ್ಲಾಸಿಗೆ ಹೊಸ ಶಾಲೆ ಸೇರಿದ್ದಳು. ಮೂರು ತಿಂಗಳಾದರೂ ಡಬ್ಬಿ ತೆಗೆದು ಒಬ್ಬಳೇ ತಿನ್ನುತ್ತಾಳೆ ಎಂದು ಟೀಚರು ಹೇಳಿದರು. ಹುಟ್ಟುಹಬ್ಬಕ್ಕೆ ಇಡೀ ಕ್ಲಾಸನ್ನೇ ಕರೆಯೋಣ ಅಂದೆ. ಅದು ಅವಳಿಗೆ ಗೆಳತಿಯರು ಸಿಗಲಿ ಎಂದು ಮಾಡಿದ ಪಾರ್ಟಿ. ಬೇರೆ ಯಾವ ದೊಡ್ಡಸ್ತಿಕೆಯೂ ಅದರಲ್ಲಿರಲಿಲ್ಲ.

ಲೆಕ್ಕ ಹಾಕಿದವಳು ನಾನು. ಕ್ಲಾಸಿನ ಇಪ್ಪತ್ತು ಮಕ್ಕಳು, ಜೊತೆಗೆ ಒಬ್ಬೊಬ್ಬ ತಾಯಿ ಅಥವಾ ತಂದೆ, ನಲವತ್ತು. ಬಿಲ್ಡಿಂಗಿನವರು, ನೆಂಟರು ಸೇರಿ ಇನ್ನಿಪ್ಪತ್ತು. ಅರವತ್ತರ ಮೇಲೆ ಶೇಕಡ ಹತ್ತು ಹೆಚ್ಚಿಗೆ. ಹಾಲ್‌ನವರು ಪ್ಲೇಟಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಎಷ್ಟು ಪ್ಲೇಟು ಎಂದು ಮೂರು ದಿನ ಮೊದಲು ಖಚಿತವಾಗಿ ಹೇಳಬೇಕು, ಆಮೇಲೆ ಕಡಿಮೆ ಜನ ಬಂದರೂ ಅಷ್ಟಕ್ಕೂ ಕೊಡಬೇಕು, ಹೆಚ್ಚು ಬಂದರೆ ದರವೂ ಹೆಚ್ಚು. ಕೇಕು ಐದು ಕಿಲೋ. ಆಟ ಆಡಿಸುವವನು ಮೂವತ್ತು ಮಕ್ಕಳವರೆಗೆ ಒಬ್ಬನೇ ನಿಭಾಯಿಸುತ್ತೇನೆ, ಮೇಲಾದರೆ ಇನ್ನೊಬ್ಬ ಬೇಕು ಅಂದಿದ್ದ. ರಿಟರ್ನ್ ಗಿಫ್ಟ್ ಮಕ್ಕಳಿಗೆ ಮಾತ್ರ: ಕ್ಲಾಸಿನ ಇಪ್ಪತ್ತು, ನಮ್ಮ ಕಡೆಯ ಎಂಟು, ನಾಲ್ಕು ಹೆಚ್ಚಿಗೆ.

ಆ ಲೆಕ್ಕದ ಚೀಟಿಯನ್ನು ಯಜಮಾನರು ತಮ್ಮ ಅಣ್ಣನಿಗೆ ತೋರಿಸಿದರು. ಭಾವನಿಗೆ ಕಲ್ಯಾಣದಲ್ಲಿ ಬಟ್ಟೆ ವ್ಯಾಪಾರ. ಮನೆಯಲ್ಲಿ ಅವರ ಮಾತೇ ಕೊನೆ. ಕರೆದವರೆಲ್ಲ ಎಲ್ಲಿ ಬರುತ್ತಾರೆ, ಹತ್ತು ಮಂದಿ ತಪ್ಪೇ ತಪ್ಪುತ್ತಾರೆ ಎಂದು ಹೆಚ್ಚಿಗೆ ಇಟ್ಟದ್ದನ್ನೆಲ್ಲ ಹೊಡೆದುಹಾಕಿದರು. ಕೇಕು ನಾಲ್ಕು ಕಿಲೋಗೆ ಇಳಿಯಿತು. ನೀವೂ ಯಾರನ್ನಾದರೂ ಕರೆಯುವುದಿದ್ದರೆ ಎಷ್ಟು ಜನ ಎಂದು ಕೇಳಿ ಹೇಳಿರಿ ಅಂದೆ. ಅದಕ್ಕೆ ಅವರಿಗೆ ಸಿಟ್ಟು ಬಂತು.

"ಕರದಮ್ಯಾಲ ಎಷ್ಟು ಮಂದಿ ಬರ್ತೀರಿ ಅಂತ ಕೇಳೂದೇನವಾ? ನಮ್ಮದು ಅಂಥಾ ಮನಿತನ ಅಲ್ಲ."

ಈ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ನಮ್ಮ ಕಡೆ ಬಾಗಿಲಿಗೆ ಹೋಗಿ, ಮನೆಮಂದಿ ಎಲ್ಲ ಬರ್ರಿ ಎಂದು ಕರೆಯುವುದು ರೂಢಿ. ತಲೆ ಎಣಿಸುವುದು ಅವಮಾನ. ಸರಿ, ಒಪ್ಪೋಣ. ಆದರೆ ತಲೆ ಎಣಿಸುವುದಿಲ್ಲ ಅನ್ನುವವರು ಪ್ಲೇಟು ಏಕೆ ಎಣಿಸಿ ಕಡಿಮೆ ಮಾಡಬೇಕು? ಉದಾರತನ ಅವರದು, ಉಳಿತಾಯವೂ ಅವರದೇ, ನಡುವೆ ಸಿಕ್ಕಿಬಿದ್ದದ್ದು ಆರು ವರ್ಷದ ಹುಡುಗಿ.

ಭಾವ ತಮ್ಮ ಹತ್ತು ಗಿರಾಕಿಗಳ ಮನೆಗೆ ಬಾಯಿಮಾತಿನ ಆಮಂತ್ರಣ ಕೊಟ್ಟಿದ್ದರು. ನಮಗೆ ಒಂದು ಮಾತೂ ಹೇಳಿರಲಿಲ್ಲ. ಆ ಸಂಜೆ ಘಣಸೋಲಿಯಿಂದ, ಠಾಣೆಯಿಂದ ಸಂಸಾರ ಸಮೇತ ಬಂದರು. ಪಾಪ, ಅವರ ತಪ್ಪೇನಿಲ್ಲ, ಎಲ್ಲರೂ ಬರ್ರಿ ಅಂದಿದ್ದಕ್ಕೆ ಎಲ್ಲರೂ ಬಂದರು. ನಾವು ಕರೆದವರಲ್ಲೂ ಯಾರೂ ತಪ್ಪಲಿಲ್ಲ. ಹಾಲ್‌ನಲ್ಲಿ ನೂರು ಜನ. ಆಟದವನು ಐವತ್ತು ಮಕ್ಕಳನ್ನು ನೋಡಿ ಕುರ್ಚಿ ಆಟ ಬಿಟ್ಟು ಬರೀ ಹಾಡು ಹಾಕಿದ. ಕೇಕಿನ ತುಂಡುಗಳು ಬೆರಳಿನಷ್ಟಾದವು.

ಊಟಕ್ಕೆ ಭಾವ ತಮ್ಮ ಗಿರಾಕಿಗಳನ್ನು ಕೈಹಿಡಿದು ಮುಂದೆ ಕರೆದೊಯ್ದರು. ಕ್ಲಾಸಿನ ತಾಯಂದಿರು ಸಾಲಿನ ಹಿಂದೆ ಖಾಲಿ ಪ್ಲೇಟು ಹಿಡಿದು ನಿಂತಿದ್ದರು. ಇನ್ನೊಮ್ಮೆ ಅಡುಗೆ ಆಗಲು ಮುಕ್ಕಾಲು ಗಂಟೆ ಬೇಕು ಅಂದ ಮ್ಯಾನೇಜರ್. ಮಗಳ ಪಕ್ಕದ ಬೆಂಚಿನ ಹುಡುಗಿಯ ತಾಯಿ, ಪರವಾಗಿಲ್ಲ, ಮನೆಗೆ ಹೋಗಿ ಊಟ ಮಾಡುತ್ತೇವೆ ಎಂದು ಮರಾಠಿಯಲ್ಲಿ ನಕ್ಕು ಹೇಳಿ ಹೊರಟಳು. ಆ ನಗು ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಗಿಫ್ಟ್ ತರಲು ಓಡಿದರೆ ಭಾವ ಆಗಲೇ ಬಾಗಿಲಲ್ಲಿ ನಿಂತು ಹಂಚುತ್ತಿದ್ದರು, ತಮ್ಮವರಿಗೆ. ಚೀಲ ಕಿತ್ತುಕೊಂಡೆ. ಹಿರಿಯರೆಂದು ಯಾವತ್ತೂ ಎದುರು ಮಾತಾಡಿದವಳಲ್ಲ.

"ಭಾವಾರ, ನಿಮ್ಮ ಮಂದಿ ಮರ್ಯಾದಿ ನೀವು ನೋಡ್ಕೋರಿ. ಇದು ನನ್ನ ಮಗಳ ಹುಟ್ಟಹಬ್ಬ."

ಚೀಲದಲ್ಲಿ ಉಳಿದದ್ದು ಒಂಬತ್ತು. ಕ್ಲಾಸಿನ ಹನ್ನೊಂದು ಮಕ್ಕಳು ಬರಿಗೈಯಲ್ಲಿ ಹೋದವು. ಮಗಳು ನನ್ನ ಸೆರಗು ಹಿಡಿದು ಎಲ್ಲರಿಗೂ ಬೈ ಹೇಳುತ್ತಲೇ ಇದ್ದಳು. ಭಾವ ಒಂದು ವಾರ ನಮ್ಮ ಫೋನ್ ಎತ್ತಲಿಲ್ಲ. ಯಜಮಾನರು ಕ್ಷಮೆ ಕೇಳು ಅಂದರು. ನಾನು ಕೇಳಲಿಲ್ಲ. ಹೆಚ್ಚಿನ ಪ್ಲೇಟುಗಳ ಬಿಲ್ಲನ್ನು ಮಾತ್ರ ಭಾವನ ಅಂಗಡಿಗೆ ಕಳಿಸಿದೆ.

ತಿಂಗಳು ಕಳೆದ ಮೇಲೆ ಆ ಪಕ್ಕದ ಬೆಂಚಿನ ಹುಡುಗಿಯ ಹುಟ್ಟುಹಬ್ಬದ ಕಾರ್ಡು ಬಂತು. ಊಟ ಮಾಡದೆ ಹೋದವರು ನನ್ನ ಮಗಳನ್ನು ಕರೆದಿದ್ದರು! ಖುಷಿಯಿಂದ ಕಣ್ಣು ತುಂಬಿತು. ಯಜಮಾನರಿಗೆ ತೋರಿಸಲು ಎದ್ದೆ. ಮಗಳು ಓಡಿಬಂದು ಕಾರ್ಡನ್ನು ಕಸಿದು ಫ್ರಾಕಿನ ಹಿಂದೆ ಬಚ್ಚಿಟ್ಟುಕೊಂಡಳು. ಎಂದಿನ ತನ್ನ ಹಿಂದಿಯಲ್ಲಿ, ದನಿ ತಗ್ಗಿಸಿ ಬೇಡಿಕೊಂಡಳು: ಪಪ್ಪಾಗೆ ಹೇಳಬೇಡ ಮಮ್ಮಿ, ಪಪ್ಪಾ ದೊಡ್ಡಪ್ಪನಿಗೆ ಹೇಳಿಬಿಡುತ್ತಾರೆ.