ರುದ್ರೇಶರ ಉಳಿದ ಐದು ಸಿಗರೇಟು

ರುದ್ರೇಶ್ ಅವರ ಮೇಲೆ ನನಗೆ ಮೂರು ತಿಂಗಳು ಸಿಟ್ಟಿತ್ತು. ಮೂಡಿಗೆರೆಯ ಆಸ್ಪತ್ರೆಯಲ್ಲಿ ಬೀಡಿ, ಸಿಗರೇಟು, ಗುಟ್ಕಾ ಬಿಡಿಸುವ ಕೌನ್ಸೆಲರ್ ನಾನು, ಹೆಸರು ಭುವನಾ. ಸುಳ್ಳು ಹೇಳುವವರನ್ನು ದಿನಾ ನೋಡುತ್ತೇನೆ, ಅವರನ್ನು ಹೇಗೋ ಸಂಭಾಳಿಸಬಹುದು. ಈ ಮನುಷ್ಯ ನಿಜ ಹೇಳಿಯೇ ನನ್ನ ತಲೆ ತಿಂದರು.

ಗೋಣಿಬೀಡಿನ ಸಣ್ಣ ಬೆಳೆಗಾರರ ಮಗ. ಬಣಕಲ್ ಹತ್ತಿರದ ಒಂದು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಫಿಯ ರುಚಿ ನೋಡುವ ಕೆಲಸ. ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಸಾಕು, ಹಣ್ಣು ಮಳೆಗೆ ಸಿಕ್ಕಿತ್ತೋ, ಮೂಟೆ ಬೂಷ್ಟು ಹಿಡಿದಿತ್ತೋ ಹೇಳಿಬಿಡುತ್ತಾರೆ. ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವರಿಗೆ ಇಂಥ ನಾಲಿಗೆ ಎಲ್ಲಿಂದ ಬಂತೋ! ನಲವತ್ತಾರಕ್ಕೇ ಎದೆನೋವು ಬಂದು ಮಂಗಳೂರಿನಲ್ಲಿ ಸ್ಟೆಂಟ್ ಹಾಕಿದರು. ಸೇದುವುದು ನಿಲ್ಲಿಸದಿದ್ದರೆ ಇನ್ನೊಂದು ಅಟ್ಯಾಕ್ ಆಗಬಹುದು ಎಂದು ಎಚ್ಚರಿಸಿ ಅಲ್ಲಿಯ ಡಾಕ್ಟರು ನನ್ನಲ್ಲಿಗೆ ಕಳಿಸಿದರು.

ಮೊದಲ ದಿನವೇ ಜೇಬಿನಿಂದ ವೇಪ್, ಅಂದರೆ ಇ-ಸಿಗರೇಟು, ತೆಗೆದು ತೋರಿಸಿದರು. ಮಾರುವುದೇ ಕಾನೂನುಬಾಹಿರ, ಆದರೂ ಯಾರೋ ತಂದುಕೊಡುತ್ತಾರಂತೆ.

"ಇಪ್ಪತ್ತರಿಂದ ಐದಕ್ಕೆ ಇಳಿಸಿದೀನಿ ಮೇಡಂ. ಉಳಿದ ಹೊತ್ತಿಗೆಲ್ಲ ಇದು. ಮುಕ್ಕಾಲು ಪಾಲು ಬಿಟ್ಟ ಹಾಗೇ ಅಲ್ವಾ?"

"ಅಯ್ಯೋ, ಹೃದಯ ಹಾಗೆ ಲೆಕ್ಕ ಹಾಕಲ್ಲ ಮಾರಾಯ್ರೆ," ಎಂದೆ. "ದಿನಕ್ಕೆ ಒಂದೇ ಸೇದಿದ್ರೂ, ಇಪ್ಪತ್ತು ಸೇದಿದ್ರೆ ಹೃದಯಕ್ಕೆ ಎಷ್ಟು ಅಪಾಯವೋ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಇರುತ್ತೆ. ನೀವು ಐದು ಸೇದ್ತೀರಿ. ಮೇಲೆ ಇದು ಬೇರೆ, ನಿಕೋಟಿನ್ ಚಟ ಆರದ ಹಾಗೆ ನೋಡ್ಕೊಳ್ಳುತ್ತೆ."

ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರಕ್ಕೆ ಊದಿಸಿದೆ. ಸೇದದವರಿಗೆ ಐದರೊಳಗೆ ಬರುತ್ತದೆ, ಇವರಿಗೆ ಹನ್ನೊಂದು. ಮುಖ ಸಪ್ಪಗಾಯಿತು. ಒಂದು ದಿನ ಗೊತ್ತುಮಾಡಿ ಎರಡನ್ನೂ ಬಿಡುವುದೆಂದು ಒಪ್ಪಿದರು. ನಿಕೋಟಿನ್ ಪ್ಯಾಚ್ ಅಂಟಿಸಿದರೆ ಚರ್ಮ ಕೆಂಪಾಗಿ ತುರಿಸಿತು. ಹಾಗಾಗಿ ಡಾಕ್ಟರು ನಿಕೋಟಿನ್ ಗಮ್ ಬರೆದುಕೊಟ್ಟರು.

ಗಮ್ ಕೆಲಸವನ್ನೇ ಮಾಡಲಿಲ್ಲ. ಎರಡು ದಿನ ತಡೆಯುವುದು, ಮೂರನೇ ದಿನ ಮತ್ತೆ ವೇಪ್, ಅದರ ಹಿಂದೆಯೇ ಸಿಗರೇಟು. ಮುಂದಿನ ತಿಂಗಳು ಯಂತ್ರ ಹನ್ನೆರಡು ತೋರಿಸಿತು, ಅದರ ಮುಂದಿನ ತಿಂಗಳು ಹತ್ತು.

"ನಿಧಾನ ಅಗಿದು, ಖಾರ ಅನ್ಸಿದ ಕೂಡ್ಲೇ ಕೆನ್ನೆ ಒಳಗೆ ಇಟ್ಕೊಳ್ತೀರಾ?"

"ಹೌದು ಮೇಡಂ."

"ಕಾಫಿ ಕುಡಿದು ಹದಿನೈದು ನಿಮಿಷ ಬಿಟ್ಟು ಅಗೀತೀರಾ?"

"ನಾನು ಕಾಫೀನೇ ಕುಡಿಯಲ್ವಲ್ಲ ಮೇಡಂ. ಬೆಳಗ್ಗೆ ಒಂದು ಲೋಟ ರಾಗಿ ಮಾಲ್ಟ್, ಅಷ್ಟೇ."

ಮತ್ತಿನ್ನೇನು? ನನ್ನ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ನಿಮ್ಮ ಮನಸ್ಸೇ ಗಟ್ಟಿ ಇಲ್ಲ ರುದ್ರೇಶ್ ಅವ್ರೇ," ಎಂದುಬಿಟ್ಟೆ. ಕೌನ್ಸೆಲರ್ ಆಡುವ ಮಾತಲ್ಲ ಅದು. ಅವರು ಎದ್ದು ಹೋದರು, ಮುಂದಿನ ಭೇಟಿಗೆ ಬರಲಿಲ್ಲ.

ಆಮೇಲೊಂದು ದಿನ ಕೆಲಸಗಾರರ ಬಿಪಿ ನೋಡಲು ನಾವು ಆಸ್ಪತ್ರೆಯವರು ಅವರ ಕ್ಯೂರಿಂಗ್ ವರ್ಕ್ಸ್‌ಗೇ ಹೋದೆವು. ರುಚಿ ನೋಡುವ ಕೋಣೆಯ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಸಾಲಾಗಿ ನಲವತ್ತು ಕಪ್. ರುದ್ರೇಶ್ ಚಮಚದಲ್ಲಿ ತೆಗೆದು ಸುರ್ರೆಂದು ಎಳೆದು, ಬಾಯಿತುಂಬ ಆಡಿಸಿ, ಪಕ್ಕದ ಡಬ್ಬಿಗೆ ಉಗಿಯುತ್ತ ಹೋದರು. ಕೊನೆಯ ಕಪ್ ಮುಗಿದದ್ದೇ ತಡ, ಜೇಬಿನಿಂದ ಗಮ್ ತೆಗೆದು ಬಾಯಿಗೆ ಹಾಕಿಕೊಂಡರು.

"ರುದ್ರೇಶ್ ಅವ್ರೇ! ಕಾಫಿ ಕುಡಿಯಲ್ಲ ಅಂದ್ರಲ್ಲ!"

"ಎಲ್ಲಿ ಕುಡಿದೆ ಮೇಡಂ? ಎಲ್ಲಾ ಉಗಿದ್ನಲ್ಲ."

ತಲೆ ಚಚ್ಚಿಕೊಳ್ಳುವಂತಾಯಿತು. ಗಮ್ಮಿನ ನಿಕೋಟಿನ್ ಬಾಯೊಳಗಿನ ಚರ್ಮದಿಂದಲೇ ರಕ್ತಕ್ಕೆ ಹೋಗಬೇಕು. ಕಾಫಿಯ ಹುಳಿ ಬಾಯಲ್ಲಿದ್ದರೆ ಸರಿಯಾಗಿ ಹೋಗುವುದಿಲ್ಲ, ಕಾಫಿ ನುಂಗಿದರೂ ಅಷ್ಟೇ, ಉಗಿದರೂ ಅಷ್ಟೇ. ದಿನವಿಡೀ ಕಾಫಿಯಲ್ಲಿ ಬಾಯಿ ನೆನೆಸುವವರಿಗೆ ನಾನು "ಕುಡಿಯುತ್ತೀರಾ" ಎಂದಷ್ಟೇ ಕೇಳಿ ಸುಮ್ಮನಾಗಿದ್ದೆ.

ಬಿಡಲು ಹೊಸ ದಿನ ಗೊತ್ತುಮಾಡಿದೆವು. ಅಂದಿನಿಂದ ಸಿಗರೇಟೂ ಇಲ್ಲ, ವೇಪೂ ಇಲ್ಲ ಎಂದು ಮಾತಾಯಿತು. ಒಂದು ಮೇಜಿನ ಕಪ್‌ಗಳು ಮುಗಿದರೆ ನೀರಿನಿಂದ ಬಾಯಿ ತೊಳೆದು, ಗಡಿಯಾರ ನೋಡಿ ಹದಿನೈದು ನಿಮಿಷ ಕಾದು, ಆಮೇಲೆ ಗಮ್. ಮೊದಲ ವಾರ ಎರಡು ಸಲ ವೇಪ್ ಎಳೆದೆ ಎಂದು ಫೋನ್ ಮಾಡಿ ಹೇಳಿದರು. ಆಮೇಲೆ ಅದನ್ನೇ ತಂದು ನನ್ನ ಮೇಜಿನ ಮೇಲಿಟ್ಟರು. ಐದನೇ ವಾರ ಊದಿದಾಗ ಯಂತ್ರ ಎರಡು ತೋರಿಸಿತು.

ನಾನು ಚಪ್ಪಾಳೆ ತಟ್ಟಿದೆ. ಅವರು ನಗಲಿಲ್ಲ.

"ಮನಸ್ಸು ಗಟ್ಟಿ ಇಲ್ಲ ಅಂದ್ರಲ್ಲ ಮೇಡಂ, ನಾನೂ ಹಾಗೇ ಅಂತ ನಂಬಿದ್ದೆ. ಇದು ನನ್ನ ಕೈಲಿ ಆಗಲ್ಲ, ಸಾಯೋದೇ ಗತಿ ಅಂದ್ಕೊಂಡು, ತೋಟದ ಪತ್ರ ಎಲ್ಲಿದೆ ಅಂತ ಹೆಂಡ್ತಿಗೆ ತೋರಿಸಿ ಇಟ್ಟಿದ್ದೆ."

"ತಪ್ಪು ನನ್ನದು, ಕ್ಷಮಿಸಿ," ಎಂದೆ.